ನಮ್ಮಲ್ಲಿ ಓಕೆ, ಗ್ರಾಹಕರಲ್ಲಿ ರಿಜೆಕ್ಟ್: ಫಸ್ಟ್ ಆರ್ಟಿಕಲ್ ಶೀಟ್ ಹಿಡಿದು ದೋಷ ಹುಡುಕುವ ಬಗೆ

ಹೊಸ ಜಾಬ್‌ನ ಮೊದಲ ಪೀಸ್ ತಯಾರಾಯಿತು. ಡ್ರಾಯಿಂಗ್‌ನ ಪ್ರತಿ ಅಳತೆಗೂ ನಂಬರ್ ಬರೆದ ಬಲೂನ್ ಹಾಕಿ, ಯಾವ ಇನ್‌ಸ್ಟ್ರುಮೆಂಟ್‌ನಲ್ಲಿ ಅಳೆದೆವು, ಎಷ್ಟು ಬಂತು ಅಂತ ಫಸ್ಟ್ ಆರ್ಟಿಕಲ್ ಶೀಟ್ ತುಂಬಿಸಿದೆವು. ಎಲ್ಲ ಸಾಲೂ ಓಕೆ. ಪೀಸ್ ಗ್ರಾಹಕರ ಹತ್ತಿರ ಹೋಯಿತು. ಅಲ್ಲಿ ಅವರ ಸಿಎಂಎಂ ಅನ್ನುವ ಅಳತೆ ಮಷೀನ್‌ನಲ್ಲಿ ಮೂರು ಸಾಲು ರಿಜೆಕ್ಟ್ ಆಗಿ ವಾಪಸ್ ಬಂತು. ಪೀಣ್ಯದ ಕಡೆಯ ಸಣ್ಣ ಶಾಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ಕತೆ.

ಇಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ "ಅವರ ಸಿಎಂಎಂ ಸರಿ ಇಲ್ಲ" ಅಂತ ವಾದ ಶುರುವಾಗುತ್ತದೆ. ಇಲ್ಲಾಂದ್ರೆ ಆಪರೇಟರ್‌ಗೆ ಬೈದು, ಆಫ್‌ಸೆಟ್ ತಿದ್ದಿ, ಇನ್ನೊಂದು ಪೀಸ್ ಮಾಡಿ ಕಳಿಸುತ್ತಾರೆ. ಎರಡರಿಂದಲೂ ದೋಷ ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಅಳತೆಯಲ್ಲಿದ್ದ ದೋಷಕ್ಕೆ ಮಷೀನ್ ತಿದ್ದಿದರೆ ಎರಡನೇ ಪೀಸ್ ಕೂಡ ತಪ್ಪಾಗಿಯೇ ಬರಬಹುದು. ಶೀಟ್ ಸರಿಯಾಗಿ ತುಂಬಿದ್ದರೆ ಉತ್ತರದ ಹೆಚ್ಚಿನ ಪಾಲು ಅದರಲ್ಲೇ ಇರುತ್ತದೆ. ಅದನ್ನು ಹೇಗೆ ಹೊರತೆಗೆಯುವುದು ಅಂತ ಒಂದು ಜಾಬ್ ಇಟ್ಟುಕೊಂಡು ನೋಡೋಣ.

## ಜಾಬ್ ಯಾವುದು

6206 ಬೇರಿಂಗ್ ಕೂರುವ ಒಂದು ಅಲ್ಯೂಮಿನಿಯಂ ಹೌಸಿಂಗ್. ಬೇರಿಂಗ್‌ನ ಹೊರ ವ್ಯಾಸ 62 ಮಿಮೀ, ಅಗಲ 16 ಮಿಮೀ. ಹೌಸಿಂಗ್‌ನ ಬೋರ್ 62 ಎಚ್7. ಅಂದರೆ 62.000ರಿಂದ 62.030ರವರೆಗೆ ಬರಬಹುದು. ಒಳಗೆ ಬೇರಿಂಗ್ ತಾಗಿ ನಿಲ್ಲುವ ಒಂದು ಶೋಲ್ಡರ್ ಇದೆ. ಮುಂಭಾಗದಿಂದ ಅದರ ಆಳ 22 ±0.02. ಹೊರಗಡೆ 90 ±0.05ರ ಒಂದು ಸ್ಪಿಗಾಟ್. ಫ್ಲಾಂಜ್‌ನಲ್ಲಿ 6.6 ಮಿಮೀ ತೂತು ನಾಲ್ಕು. ಅವುಗಳ ಪೊಸಿಷನ್ Ø0.2, ಪಕ್ಕದಲ್ಲಿ ವೃತ್ತದೊಳಗೆ ಎಂ ಇದೆ. ಅಳತೆಗೆ ಆಧಾರವಾಗಿ ಹಿಡಿಯುವ ಡೇಟಮ್‌ಗಳಲ್ಲಿ ಎ ಮುಂಭಾಗ, ಬಿ 62ರ ಬೋರ್.

ಎರಡೂ ಕಡೆಯ ಫಲಿತಾಂಶದಲ್ಲಿ ನಮಗೆ ಬೇಕಾದ ಸಾಲುಗಳು ಇವು:

| ಬಲೂನ್ | ಅಳತೆ | ನಮ್ಮ ಇನ್‌ಸ್ಟ್ರುಮೆಂಟ್ | ನಮ್ಮ ಫಲಿತಾಂಶ | ಗ್ರಾಹಕರದು |
|---|---|---|---|---|
| 3 | ಬೋರ್ Ø62 ಎಚ್7 | ಡಯಲ್ ಬೋರ್ ಗೇಜ್ | 62.014 | 61.994, ರಿಜೆಕ್ಟ್ |
| 5 | ಸ್ಪಿಗಾಟ್ Ø90 ±0.05 | ಔಟ್‌ಸೈಡ್ ಮೈಕ್ರೋಮೀಟರ್ | 90.021 | 89.992, ಓಕೆ |
| 8 | ಆಳ 22 ±0.02 | ಡಿಜಿಟಲ್ ವರ್ನಿಯರ್ | 22.00 | 22.05, ರಿಜೆಕ್ಟ್ |
| 14 | ತೂತಿನ ಪೊಸಿಷನ್ Ø0.2 | ಹೈಟ್ ಗೇಜ್ | 0.12 | 0.241, ರಿಜೆಕ್ಟ್ |

5ನೇ ಬಲೂನ್ ಓಕೆ ಆಗಿದೆಯಲ್ಲ, ಅದನ್ನು ಯಾಕೆ ಪಟ್ಟಿಯಲ್ಲಿ ಹಾಕಿದ್ದು ಅಂತ ಅನಿಸಬಹುದು. ಅದೇ ಈ ಕೇಸಿನ ಮುಖ್ಯ ಸಾಕ್ಷಿ. ಸ್ವಲ್ಪ ತಡೆಯಿರಿ.

## ಮೊದಲು ಎರಡು ಸಣ್ಣ ವಿಷಯ ಮುಗಿಸಿಕೊಳ್ಳಿ

ಅವರು ಅಳೆದದ್ದು ನೀವು ಅಳೆದ ಪೀಸನ್ನೇನಾ? ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಐದು ಪೀಸ್ ಮಾಡಿ, ಒಂದನ್ನು ಅಳೆದು, ಐದನ್ನೂ ಒಂದೇ ಡಬ್ಬದಲ್ಲಿ ಹಾಕಿ ಕಳಿಸುವುದು ಎಷ್ಟೋ ಕಡೆ ನಡೆಯುತ್ತದೆ. ಶೀಟ್ ಮೇಲೆ ಸೀರಿಯಲ್ ನಂಬರ್ ಇಲ್ಲ, ಪೀಸ್ ಮೇಲೂ ಗುರುತಿಲ್ಲ ಅಂದರೆ ಮುಂದಿನ ಯಾವ ಹೋಲಿಕೆಗೂ ಅರ್ಥ ಇಲ್ಲ. ಆ ಪೀಸನ್ನು ವಾಪಸ್ ತರಿಸಿ. ಫೋಟೋ ಸಾಲದು.

ಎರಡನೆಯದು ಡ್ರಾಯಿಂಗ್‌ನ ರಿವಿಷನ್. ಶೀಟ್‌ನ ತಲೆಯಲ್ಲಿ ಬರೆದ ರಿವಿಷನ್, ಬಲೂನ್ ಹಾಕಿದ ಪ್ರಿಂಟ್‌ನ ರಿವಿಷನ್, ಗ್ರಾಹಕರ ಆರ್ಡರ್‌ನಲ್ಲಿರುವ ರಿವಿಷನ್, ಮೂರೂ ಒಂದೇ ಇರಬೇಕು. ಬಲೂನ್ ನಂಬರ್ ನಾವೇ ಕೊಟ್ಟದ್ದು ಅನ್ನುವುದೂ ನೆನಪಿರಲಿ. ನಮ್ಮ 8 ಅವರ ರಿಪೋರ್ಟ್‌ನಲ್ಲಿ 11 ಆಗಿರಬಹುದು. ಆದ್ದರಿಂದ ನಂಬರ್ ನೋಡಿ ಅಲ್ಲ, ಅಳತೆ ನೋಡಿ ಸಾಲು ಹೊಂದಿಸಿ.

ಈ ಕೇಸಿನಲ್ಲಿ ಎರಡೂ ಸರಿ ಇದ್ದವು ಅಂತ ಇಟ್ಟುಕೊಳ್ಳೋಣ.

## ವ್ಯತ್ಯಾಸದ ಕಾಲಂ ಬರೆಯಿರಿ

ಈಗ ಶೀಟ್‌ನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಕಾಲಂ ಎಳೆಯಿರಿ. ನಮ್ಮ ಅಳತೆಯಿಂದ ಅವರ ಅಳತೆ ಕಳೆದು ಬರೆಯಿರಿ. ರಿಜೆಕ್ಟ್ ಆದ ಸಾಲಿಗಷ್ಟೇ ಅಲ್ಲ, ಎಲ್ಲ ಸಾಲಿಗೂ. ರಿಜೆಕ್ಟ್ ಅನ್ನುವುದು ಟಾಲರೆನ್ಸ್ ಮೇಲೆ ನಿಂತ ಮಾತು. ಅಳತೆಯಲ್ಲಿ ತಪ್ಪಾಗಿದೆಯಾ ಅನ್ನುವುದಕ್ಕೆ ಟಾಲರೆನ್ಸ್‌ನ ಹಂಗಿಲ್ಲ. ಟಾಲರೆನ್ಸ್ ದೊಡ್ಡದಿದ್ದರೆ ಅಷ್ಟೇ ತಪ್ಪು ಓಕೆ ಒಳಗೆ ಅಡಗಿ ಕೂತಿರುತ್ತದೆ.

ಬೋರ್‌ನಲ್ಲಿ ನಮ್ಮದು 20 ಮೈಕ್ರಾನ್ ಜಾಸ್ತಿ. ಸ್ಪಿಗಾಟ್‌ನಲ್ಲಿ 29 ಮೈಕ್ರಾನ್ ಜಾಸ್ತಿ. ಈಗ ಭಾಗಿಸಿ ನೋಡಿ. 62ಕ್ಕೆ 20, 90ಕ್ಕೆ 29. ಎರಡೂ ಸುಮಾರು ಒಂದೇ ಅನುಪಾತ, ಒಂದು ಮಿಲಿಮೀಟರ್‌ಗೆ 0.32 ಮೈಕ್ರಾನ್. ಒಂದು ಒಳಗಿನ ಅಳತೆ, ಇನ್ನೊಂದು ಹೊರಗಿನ ಅಳತೆ. ಇನ್‌ಸ್ಟ್ರುಮೆಂಟ್ ಬೇರೆ ಬೇರೆ. ಆದರೂ ವ್ಯತ್ಯಾಸ ಒಂದೇ ದಿಕ್ಕಿಗೆ, ಅಳತೆ ದೊಡ್ಡದಾದಷ್ಟೂ ದೊಡ್ಡದು.

ಹೀಗಿದ್ದರೆ ಮೊದಲ ಅನುಮಾನ ಬಿಸಿಯ ಮೇಲೆ.

ಬೇರೆ ಬಗೆಯ ದೋಷಗಳು ಬೇರೆ ಥರ ಕಾಣಿಸುತ್ತವೆ. ಒಂದು ಮೈಕ್ರೋಮೀಟರ್‌ನ ಸೊನ್ನೆ ತಪ್ಪಿದ್ದರೆ, ಅದರಲ್ಲಿ ಅಳೆದ ಸಾಲುಗಳಲ್ಲೆಲ್ಲ ಒಂದೇ ಪ್ರಮಾಣದ ವ್ಯತ್ಯಾಸ ಬರುತ್ತದೆ. 30 ಮಿಮೀಗೂ 8 ಮೈಕ್ರಾನ್, 45ಕ್ಕೂ 8 ಮೈಕ್ರಾನ್. ಒಂದೇ ಒಂದು ಸಾಲು ಕೆಟ್ಟು ಪಕ್ಕದ್ದೆಲ್ಲ ಹೊಂದಿಕೊಂಡರೆ, ಆ ಜಾಗವನ್ನು ಅಳೆದ ವಿಧಾನದಲ್ಲಿ ಸಮಸ್ಯೆ ಇದೆ. ನಮ್ಮ ಅಂಕಿ ಅವರ ಅಂಕಿಯ ಸರಿ ಅರ್ಧ ಇದ್ದರೆ ಲೆಕ್ಕದಲ್ಲಿ ತಪ್ಪಿದೆ. 14ನೇ ಸಾಲು ನೋಡಿ, 0.12 ಮತ್ತು 0.241.

ಸ್ಪಿಗಾಟ್ ಸಾಲಿನಲ್ಲಿ ಅಂಕಿ ಬರೆಯದೆ "ಓಕೆ" ಅಂತ ಟಿಕ್ ಹಾಕಿದ್ದರೆ ಈ ಹೋಲಿಕೆ ಮಾಡಲು ಆಗುತ್ತಲೇ ಇರಲಿಲ್ಲ. ವಿಮಾನ ಬಿಡಿಭಾಗದ ಕೆಲಸಕ್ಕೆ ಬಳಸುವ ಎಎಸ್9102ರ ಮೂರನೇ ಫಾರ್ಮ್‌ನಲ್ಲಿ ಪ್ರತಿ ಲಕ್ಷಣಕ್ಕೂ ಒಂದೊಂದು ಸಾಲು, ಪ್ರತಿ ಸಾಲಿಗೂ ಫಲಿತಾಂಶ ಕೇಳುವುದನ್ನು ಕೆಲವರು ಕಾಗದದ ಕಾಟ ಅಂತಾರೆ. ಇಂಥ ದಿನ ಆ ಕಾಟ ಉಪಯೋಗಕ್ಕೆ ಬರುತ್ತದೆ.

## 3ನೇ ಬಲೂನ್: ಬೋರ್

ಡ್ರಾಯಿಂಗ್‌ನಲ್ಲಿ ಬೇರೆ ಹೇಳಿರದಿದ್ದರೆ ಅಳತೆ ಅಂದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಅಳತೆ. ಐಎಸ್‌ಓ 1 ಹೇಳುವುದು ಅದನ್ನೇ. ಗ್ರಾಹಕರ ಸಿಎಂಎಂ ರೂಮ್ 20 ಡಿಗ್ರಿಯಲ್ಲಿತ್ತು. ನಮ್ಮ ಶಾಪ್ 28. ಜಾಬ್ ಮಷೀನ್‌ನಿಂದ ಆಗಷ್ಟೇ ಇಳಿದದ್ದು, 38ರ ಹತ್ತಿರ. ಮುಟ್ಟಿದರೆ ಬೆಚ್ಚಗೆ ಅನಿಸುತ್ತದೆ ಅಷ್ಟೇ, ಕೈ ಸುಡುವಷ್ಟೇನೂ ಅಲ್ಲ.

ಅಲ್ಯೂಮಿನಿಯಂ ಒಂದು ಮೀಟರ್‌ಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಸ್ಟೀಲ್ ಸುಮಾರು 11.5, ಅಂದರೆ ಅದರ ಅರ್ಧ. 62 ಮಿಮೀಗೆ ಇಳಿಸಿದರೆ ಅಲ್ಯೂಮಿನಿಯಂಗೆ ಡಿಗ್ರಿಗೆ 1.4 ಮೈಕ್ರಾನ್, ಸ್ಟೀಲ್‌ಗೆ 0.7. ಬೋರ್ ಗೇಜನ್ನು ಸೊನ್ನೆ ಮಾಡಿದ ಸೆಟ್ಟಿಂಗ್ ರಿಂಗ್ ಸ್ಟೀಲ್‌ನದು. ಅದೂ 28 ಡಿಗ್ರಿಯಲ್ಲಿ ಸ್ವಲ್ಪ ಹಿಗ್ಗಿರುತ್ತದೆ. ಹಾಗಾಗಿ ಜಾಬ್ ಹಿಗ್ಗಿದ್ದರಲ್ಲಿ ರಿಂಗ್ ಹಿಗ್ಗಿದ್ದನ್ನು ಕಳೆಯಬೇಕು:

```
ಜಾಬ್  : 1.4 × (38 − 20) = 25.2 ಮೈಕ್ರಾನ್
ರಿಂಗ್ : 0.7 × (28 − 20) =  5.6 ಮೈಕ್ರಾನ್
ತಪ್ಪು : 25.2 − 5.6      = 19.6 ಮೈಕ್ರಾನ್
```

20 ಮೈಕ್ರಾನ್ ಅಲ್ಲಿಗೆ ಹೋಯಿತು. ಟಾಲರೆನ್ಸ್ ಇರುವುದೇ 30 ಮೈಕ್ರಾನ್. ಅದರ ಮೂರರಲ್ಲಿ ಎರಡು ಪಾಲನ್ನು ಬಿಸಿಯೇ ತಿಂದುಬಿಟ್ಟಿದೆ.

ಲೆಕ್ಕ ಕೂಡಿ ಬಂತು ಅಂತ ಅಲ್ಲಿಗೇ ಬಿಡಬೇಡಿ. ಪೀಸ್ ವಾಪಸ್ ಬಂದ ಮೇಲೆ ಅದನ್ನೂ, ರಿಂಗನ್ನೂ, ಗೇಜನ್ನೂ ಒಂದೇ ಸರ್ಫೇಸ್ ಪ್ಲೇಟ್ ಮೇಲೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಅಳೆಯಿರಿ. ಎಲ್ಲವೂ 28 ಡಿಗ್ರಿಗೆ ಬಂದಿರುತ್ತವೆ. ಆಗ ಉಳಿಯುವ ತಪ್ಪು 1.4ರಿಂದ 0.7 ಕಳೆದು 8ರಿಂದ ಗುಣಿಸಿದಷ್ಟು, ಅಂದರೆ ಸುಮಾರು 6 ಮೈಕ್ರಾನ್. ನಮ್ಮ ಊಹೆ ಸರಿ ಇದ್ದರೆ ಗೇಜ್ 62.000 ತೋರಿಸಬೇಕು. ತೋರಿಸಿದರೆ ಕಾರಣ ಖಚಿತ.

ಇಲ್ಲೊಂದು ಗುಂಡಿ ಇದೆ, ನೋಡಿ ಕಾಲಿಡಿ. ಜಾಬ್ ಪೂರ್ತಿ ತಣ್ಣಗಾಗಿದೆ, ರಿಂಗ್ ಜೊತೆಗೇ ಇದೆ, 62.000 ಬಂದಿದೆ. ಕೆಳ ಮಿತಿ ಮುಟ್ಟಿದೆ, ಪಾಸ್ ಅಂತ ಯಾರಾದರೂ ಬರೆದುಬಿಡಬಹುದು. ಆದರೆ 20 ಡಿಗ್ರಿಯಲ್ಲಿ ಆ ಬೋರ್ 61.994. ಜಾಬೂ ಮಾಸ್ಟರೂ ಒಂದೇ ಬಿಸಿಯಲ್ಲಿದ್ದರೆ ಸಾಕು ಅನ್ನುವ ಮಾತು ಸ್ಟೀಲ್ ಜಾಬ್‌ಗೆ ಸರಿ, ಏಕೆಂದರೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅಲ್ಯೂಮಿನಿಯಂಗೆ ಅದು ಅರ್ಧ ಸತ್ಯ. 28 ಡಿಗ್ರಿಯ ಶಾಪ್‌ನಲ್ಲಿ ಈ ಬೋರ್ ಓಕೆ ಆಗಬೇಕಾದರೆ ಗೇಜ್ 62.006ರಿಂದ 62.036ರ ನಡುವೆ ತೋರಿಸಬೇಕು. ಮಧ್ಯಕ್ಕೆ ಅಂದರೆ 62.015ಕ್ಕೆ ಗುರಿ ಇಟ್ಟರೆ ಗೇಜ್ ಮೇಲೆ 62.021 ಬರಬೇಕು. ಅದೇ ಪೀಸ್ ಮಷೀನ್‌ನಿಂದ ಇಳಿದಾಗ 62.035 ತೋರಿಸುತ್ತದೆ. ಆಪರೇಟರ್ ಅದನ್ನು ನೋಡಿ "ಸಾರ್, ಓವರ್ ಸೈಜ್ ಆಯ್ತು" ಅಂತ ಗಾಬರಿಯಾಗಿ ಆಫ್‌ಸೆಟ್ ಕಡಿಮೆ ಮಾಡುತ್ತಾನೆ. ಮೊದಲ ಪೀಸ್ ಚಿಕ್ಕದಾಗಿ ಬಂದದ್ದು ಹೀಗೆಯೇ ಇರಬೇಕು.

ಪ್ರತಿ ಸಲ ಈ ಲೆಕ್ಕ ಬೇಡ ಅನ್ನುವವರಿಗೆ ಒಂದು ದಾರಿ ಇದೆ. ಅದೇ ಅಲ್ಯೂಮಿನಿಯಂನಲ್ಲಿ ಒಂದು ರಿಂಗ್ ಮಾಡಿ, 20 ಡಿಗ್ರಿ ರೂಮ್‌ನಲ್ಲಿ ಅಳತೆ ಮಾಡಿಸಿ, ಅದನ್ನೇ ಸೆಟ್ಟಿಂಗ್ ಮಾಸ್ಟರ್ ಆಗಿ ಬಳಸಿ. ಜಾಬೂ ಮಾಸ್ಟರೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಆದರೆ ಎರಡೂ ಒಂದೇ ಪ್ಲೇಟ್ ಮೇಲೆ ಕೂತು ಒಂದೇ ಬಿಸಿಗೆ ಬಂದಿರಬೇಕು, ಆ ಮಾತು ತಪ್ಪುವುದಿಲ್ಲ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಬೇಗ ಗೀರು ಬೀಳುತ್ತದೆ, ಸವೆಯುತ್ತದೆ. ಆಗಾಗ ಮತ್ತೆ ಅಳೆಸಬೇಕಾಗುತ್ತದೆ.

ಬಿಸಿ ನೋಡುವ ಬಗ್ಗೆ ಒಂದು ಮಾತು. ಗನ್ ಥರ್ಮಾಮೀಟರ್ ಹಿಡಿದು ಮಷೀನ್ ಆದ ಅಲ್ಯೂಮಿನಿಯಂ ನೋಡಬೇಡಿ. ಹೊಳೆಯುವ ಮೇಲ್ಮೈ ತನ್ನ ಬಿಸಿಯನ್ನು ಸರಿಯಾಗಿ ಹೊರಸೂಸುವುದಿಲ್ಲ, ಸುತ್ತಲಿನದ್ದನ್ನು ಪ್ರತಿಫಲಿಸುತ್ತದೆ. 38 ಡಿಗ್ರಿಯ ಜಾಬ್ 29 ಅಂತ ತೋರಿಸಿದರೂ ಆಶ್ಚರ್ಯ ಇಲ್ಲ. ಮುಟ್ಟಿಸಿ ಅಳೆಯುವ ಥರ್ಮೋಕಪಲ್ ಪ್ರೋಬ್ ಬಳಸಿ.

### ಬಿಸಿ ಅಲ್ಲದೆ ಬೇರೆ ಏನಾದರೂ ಇದೆಯಾ?

ಇದೇ ಲಕ್ಷಣವನ್ನು ಇನ್ನೊಂದು ಕಾರಣವೂ ಕೊಡಬಲ್ಲದು. ತೆಳು ಗೋಡೆಯ ಹೌಸಿಂಗನ್ನು ಮೂರು ಜಾ ಚಕ್‌ನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ, ಮಷೀನ್ ಮೇಲಿದ್ದಾಗ ಬೋರ್ ದುಂಡಗಿರುತ್ತದೆ. ಜಾ ಬಿಚ್ಚಿದ ಕೂಡಲೇ ಗೋಡೆ ಹಿಂದಕ್ಕೆ ಚಿಮ್ಮಿ ಬೋರ್ ಮೂರು ಮೂಲೆಯ ಆಕಾರ ತಾಳುತ್ತದೆ. ಡಯಲ್ ಬೋರ್ ಗೇಜ್ ಎದುರುಬದುರಿನ ಎರಡು ಬಿಂದುಗಳ ನಡುವೆ ಅಳೆಯುತ್ತದೆ. ಒಂದು ಕಡೆ ಉಬ್ಬಿದ್ದರೆ ಎದುರುಗಡೆ ತಗ್ಗಿರುತ್ತದೆ. ಹಾಗಾಗಿ ಗೇಜನ್ನು ಸುತ್ತಲೂ ತಿರುಗಿಸಿದರೂ ಮುಳ್ಳು ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಶೀಟ್ ಮೇಲೆ ಚೆಂದದ ಅಂಕಿ ಬರುತ್ತದೆ, ಬೇರಿಂಗ್ ಮಾತ್ರ ಒಳಗೆ ಹೋಗುವುದಿಲ್ಲ.

ಪತ್ತೆ ಮಾಡಲು ಮೂರು ಕಾಲಿನ ಇಂಟರ್ನಲ್ ಮೈಕ್ರೋಮೀಟರ್ ಬೇಕು. ಒಂದು ಕಡೆ ಅಳೆದು, 60 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಮೂರು ಮೂಲೆ ಇದ್ದರೆ ಎರಡು ಅಂಕಿ ದೂರ ಹೋಗುತ್ತವೆ. ನಮ್ಮ ಪೀಸ್‌ನಲ್ಲಿ ವ್ಯತ್ಯಾಸ 2 ಮೈಕ್ರಾನ್ ಮಾತ್ರ ಬಂದಿದ್ದರೆ ಚಕ್‌ನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಅದು 12, 15 ಬಂದಿದ್ದರೆ ಬಿಸಿಯ ಲೆಕ್ಕ ಸರಿ ಮಾಡಿದರೂ ಪೀಸ್ ಮತ್ತೆ ವಾಪಸ್ ಬರುತ್ತಿತ್ತು. ಆಗ ಸಾಫ್ಟ್ ಜಾ, ಕಡಿಮೆ ಒತ್ತಡ, ಇಲ್ಲವೇ ಮುಂಭಾಗದಿಂದ ಒತ್ತಿ ಹಿಡಿಯುವ ಫಿಕ್ಸ್ಚರ್ ಕಡೆಗೆ ಯೋಚಿಸಬೇಕು.

ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂದರೆ, ಸಾಮಾನ್ಯ ದರ್ಜೆಯ 6206ರ ಹೊರ ವ್ಯಾಸ 62.000ರಿಂದ 61.987ರವರೆಗೆ ಬರುತ್ತದೆ. ಬೋರ್ 61.994 ಇದ್ದರೆ ಕೆಲವು ಬೇರಿಂಗ್ ಸಲೀಸಾಗಿ ಕೂರುತ್ತವೆ, ಕೆಲವಕ್ಕೆ ಪ್ರೆಸ್ ಬೇಕಾಗುತ್ತದೆ. ಅಸೆಂಬ್ಲಿಯಲ್ಲಿ "ಒಂದೊಂದು ಸಲ ಟೈಟ್" ಅನ್ನುವ ದೂರು ಬರುವುದು ಹೀಗೆ.

## 8ನೇ ಬಲೂನ್: ಆಳ

ಇಲ್ಲಿ ವ್ಯತ್ಯಾಸದ ದಿಕ್ಕೇ ಉಲ್ಟಾ. ಬಿಸಿ ಜಾಬ್ ಆದರೆ ನಮ್ಮ ಅಂಕಿ ದೊಡ್ಡದಿರಬೇಕಿತ್ತು. ನಮ್ಮದು 22.00, ಅವರದು 22.05. 22 ಮಿಮೀಗೆ ಬಿಸಿಯ ಪಾಲು 7 ಮೈಕ್ರಾನ್ ಅಷ್ಟೇ, ಅದೂ ಇನ್ನೊಂದು ಕಡೆಗೆ. ಹಾಗಾದರೆ ಈ ಸಾಲಿನ ರೋಗ ಬೇರೆ.

ಇನ್‌ಸ್ಟ್ರುಮೆಂಟ್ ಕಾಲಂ ನೋಡಿ. ಡಿಜಿಟಲ್ ವರ್ನಿಯರ್. ಡಿಸ್‌ಪ್ಲೇ 0.01 ತೋರಿಸುತ್ತದೆ, ಆದರೆ ಸಾಮಾನ್ಯ ವರ್ನಿಯರ್‌ನ ಅನುಮತಿಸಿದ ತಪ್ಪೇ ±0.02. ಟಾಲರೆನ್ಸ್ ಕೂಡ ±0.02. ಅಳೆಯುವ ಕೋಲಿನ ತಪ್ಪು ಟಾಲರೆನ್ಸ್‌ನಷ್ಟೇ ಇದ್ದರೆ ಬಂದ ಅಂಕಿಯನ್ನು ನಂಬುವುದು ಹೇಗೆ? ಟಾಲರೆನ್ಸ್‌ನ ಹತ್ತನೇ ಒಂದು ಪಾಲು ಓದುವ ಇನ್‌ಸ್ಟ್ರುಮೆಂಟ್ ಬೇಕು ಅನ್ನುವ ಹಳೆಯ ನಿಯಮ ಪ್ರತಿ ಸಲ ಪಾಲಿಸಲು ಆಗದು, ನಿಜ. ಬೋರ್‌ನ 30 ಮೈಕ್ರಾನ್‌ಗೆ 3 ಮೈಕ್ರಾನ್ ಅಂದರೆ ಶಾಪ್‌ನಲ್ಲಿ ಕಷ್ಟವೇ. ಆದರೆ ನಾಲ್ಕನೇ ಒಂದು ಪಾಲಿಗಿಂತ ಒರಟಾದದ್ದನ್ನು ಈ ಕಾಲಂನಲ್ಲಿ ನೋಡಿದರೆ ಆ ಸಾಲನ್ನು ನಾನು ಅಲ್ಲೇ ನಿಲ್ಲಿಸುತ್ತೇನೆ.

ಇಷ್ಟಕ್ಕೇ 0.05 ವ್ಯತ್ಯಾಸ ಬರುವುದಿಲ್ಲ. ಇನ್ನೊಂದು ಕಾರಣ ಬೋರ್‌ನ ಒಳಗಿದೆ. ಶೋಲ್ಡರ್‌ನ ತಟ್ಟು ಸುಮಾರು 3 ಮಿಮೀ ಅಗಲ. ಅದೂ ಬೋರ್‌ನ ಗೋಡೆಯೂ ಸೇರುವ ಮೂಲೆಯಲ್ಲಿ ಟೂಲ್ ಬಿಟ್ಟ ರೇಡಿಯಸ್ ಇದೆ. ವರ್ನಿಯರ್‌ನ ಡೆಪ್ತ್ ಕಡ್ಡಿಯನ್ನು ಗೋಡೆಗೆ ಒತ್ತಿ ಇಳಿಸಿದರೆ ಕಡ್ಡಿ ತಟ್ಟಿನ ಮೇಲೆ ಕೂರುವುದಿಲ್ಲ, ಆ ರೇಡಿಯಸ್ ಮೇಲೆ ಕೂರುತ್ತದೆ. ಆಳ ಕಡಿಮೆ ಅಂತ ತೋರಿಸುತ್ತದೆ. ಈ ಕಾರಣಕ್ಕೇ ಕಡ್ಡಿಯ ತುದಿಯಲ್ಲಿ ಒಂದು ಮೂಲೆಯನ್ನು ತಗ್ಗಿಸಿರುತ್ತಾರೆ. ಆ ತಗ್ಗು ಗೋಡೆಯ ಕಡೆಗೆ ಬರುವಂತೆ ಹಿಡಿಯಬೇಕು. ಎಷ್ಟು ಜನ ನೋಡಿ ಹಿಡಿಯುತ್ತಾರೆ ಅನ್ನುವುದು ಬೇರೆ ಪ್ರಶ್ನೆ.

ಪರೀಕ್ಷೆ ಸುಲಭ. ಅದೇ ವರ್ನಿಯರ್‌ನಲ್ಲಿ ಗೋಡೆಗೆ ತಾಗಿಸಿ ಒಮ್ಮೆ, ಗೋಡೆಯಿಂದ ಒಂದೂವರೆ ಮಿಮೀ ಬಿಟ್ಟು ಒಮ್ಮೆ ಅಳೆಯಿರಿ. ಅಂಕಿ ಬದಲಾದರೆ ರೇಡಿಯಸ್ ಅಡ್ಡ ಬಂದಿದೆ. ಸುತ್ತಲೂ ಮೂರು ಕಡೆ ಅಳೆದಾಗ ಅಂಕಿ ಒಂದಕ್ಕೊಂದು ಕೂಡದೆ ಹರಡಿಕೊಂಡರೂ ಅದೇ ಅನುಮಾನ.

ಸರಿಯಾದ ಅಳತೆಗೆ ಜಾಬನ್ನು ಮುಂಭಾಗ ಮೇಲಾಗಿ ಸರ್ಫೇಸ್ ಪ್ಲೇಟ್ ಮೇಲಿಡಿ. ಹೈಟ್ ಗೇಜ್‌ಗೆ ಲೀವರ್ ಡಯಲ್ ಕಟ್ಟಿ. ಅದರ 2 ಮಿಮೀ ಗುಂಡು 3 ಮಿಮೀ ತಟ್ಟಿನ ಮೇಲೆ ರೇಡಿಯಸ್‌ಗೆ ತಾಗದೆ ಕೂರುತ್ತದೆ. ಶೋಲ್ಡರ್‌ನ ಎತ್ತರಕ್ಕೆ ಸಮನಾಗುವಂತೆ ಸ್ಲಿಪ್ ಗೇಜ್ ಜೋಡಿಸಿ. ಅದಕ್ಕೆ 22.00ರ ಇನ್ನೊಂದು ಸ್ಲಿಪ್ ಸೇರಿಸಿ, ಮೇಲ್ಭಾಗದಲ್ಲಿ ಡಯಲ್ ಸೊನ್ನೆ ಮಾಡಿ. ಈಗ ಅದೇ ಡಯಲನ್ನು ಮುಂಭಾಗದ ಮೇಲೆ ಓಡಿಸಿ. ಮುಳ್ಳು ತೋರಿಸುವ ವ್ಯತ್ಯಾಸವೇ ಆಳದ ತಪ್ಪು. ನಮ್ಮ ಪೀಸ್‌ನಲ್ಲಿ 0.05 ಮೇಲೆ ಹೋಗಬೇಕು. ಹೋದರೆ ಅವರ ಅಳತೆ ಸರಿ, ಆಳ ನಿಜವಾಗಿಯೂ ಜಾಸ್ತಿ ಆಗಿದೆ. ವರ್ನಿಯರ್ ನಂಬಿ ಆಪರೇಟರ್ ಇನ್ನಷ್ಟು ಇಳಿಸಿದ್ದಾನೆ.

## 14ನೇ ಬಲೂನ್: ತೂತುಗಳ ಪೊಸಿಷನ್

ಇಲ್ಲಿ ಸ್ವಾರಸ್ಯ ಏನಂದರೆ ಎರಡು ಕಡೆಯವರ ಬರಹವೂ ಸರಿ ಇಲ್ಲ, ಆದರೆ ಪೀಸ್ ಸರಿ ಇದೆ.

ಮೊದಲ ತೂತು ಇರಬೇಕಾದ ಜಾಗದಿಂದ ಎಕ್ಸ್ ಕಡೆಗೆ 0.08, ವೈ ಕಡೆಗೆ 0.09 ಸರಿದಿದೆ. ನಮ್ಮವರು ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದು 0.12 ಬರೆದರು. ಅದು ಕೇಂದ್ರ ಸರಿದ ದೂರ, ಅಂದರೆ ತ್ರಿಜ್ಯ. ಡ್ರಾಯಿಂಗ್ ಕೇಳಿದ್ದು ವ್ಯಾಸ. 0.2ರ ಮುಂದೆ Ø ಗುರುತು ಇರುವುದೇ ಅದಕ್ಕೆ. ಎರಡರಿಂದ ಗುಣಿಸಬೇಕು:

```
2 × √(0.08² + 0.09²) = 2 × 0.1204 = 0.241
```

ಅವರ ಅಂಕಿ ಬಂತು. 0.2 ಮೀರಿತು, ರಿಜೆಕ್ಟ್ ಅಂದರು. ಆದರೆ ವೃತ್ತದೊಳಗಿನ ಎಂ ಅನ್ನು ಅವರ ಪ್ರೋಗ್ರಾಂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆ ಗುರುತಿನ ಅರ್ಥ ಇಷ್ಟು: ತೂತು ತನ್ನ ಅತಿ ಚಿಕ್ಕ ಅಳತೆಗಿಂತ ಎಷ್ಟು ದೊಡ್ಡದಿದೆಯೋ ಅಷ್ಟು ಹೆಚ್ಚಿನ ಪೊಸಿಷನ್ ಟಾಲರೆನ್ಸ್ ಸಿಗುತ್ತದೆ. ಬೋಲ್ಟ್‌ಗೆ ಜಾಗ ಜಾಸ್ತಿ ಇದ್ದರೆ ತೂತು ಸ್ವಲ್ಪ ಸರಿದರೂ ಬೋಲ್ಟ್ ಹೋಗುತ್ತದೆ ಅಲ್ವಾ? ತೂತಿನ ಟಾಲರೆನ್ಸ್ 6.60ರಿಂದ 6.80. ಈ ತೂತಿನ ನಿಜವಾದ ಅಳತೆ 6.65. ಹೆಚ್ಚಿಗೆ ಸಿಗುವುದು 0.05. ಒಟ್ಟು 0.25ರವರೆಗೆ ಬಿಡಬಹುದು. ಬಂದದ್ದು 0.241. ಪಾಸ್.

ಈ ಗೊಂದಲ ಯಾಕೆ ಆಯಿತು? ಪೊಸಿಷನ್ ಸಾಲಿನಲ್ಲಿ ತೂತಿನ ವ್ಯಾಸ ಇರಲಿಲ್ಲ. ಅದು ಬೇರೆ ಸಾಲಿನಲ್ಲಿ, ನಾಲ್ಕೂ ತೂತಿಗೆ ಸೇರಿ ಒಂದೇ ಅಂಕಿಯಾಗಿ ಇತ್ತು. ಎಂ ಗುರುತು ಇರುವ ಸಾಲಿನಲ್ಲಿ ಪ್ರತಿ ತೂತಿಗೂ ಪ್ರತ್ಯೇಕವಾಗಿ ಎಕ್ಸ್, ವೈ, ತೂತಿನ ವ್ಯಾಸ, ಸಿಕ್ಕ ಟಾಲರೆನ್ಸ್, ಪೊಸಿಷನ್ ಐದೂ ಇರಬೇಕು. 14.1ರಿಂದ 14.4 ಅಂತ ನಾಲ್ಕು ಉಪಸಾಲು ಮಾಡಿ.

ಹಾಗೆ ಬಿಡಿಸಿ ಬರೆದರೆ ಇನ್ನೊಂದು ಲಾಭ ಇದೆ. ನಾಲ್ಕು ತೂತುಗಳ ಸರಿತ ಹೀಗಿತ್ತು ಅಂತ ಇಟ್ಟುಕೊಳ್ಳಿ: 0.08 ಮತ್ತು 0.09, 0.07 ಮತ್ತು 0.09, 0.08 ಮತ್ತು 0.08, 0.07 ಮತ್ತು 0.08. ನಾಲ್ಕೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಅಷ್ಟೇ ದೂರ. ಡ್ರಿಲ್ ಅಲ್ಲಾಡಿದ್ದರೆ ಒಂದೊಂದು ಒಂದೊಂದು ಕಡೆ ಹೋಗುತ್ತಿತ್ತು. ಇದು ಎರಡನೇ ಸೆಟಪ್‌ನಲ್ಲಿ ಬೋರ್‌ನ ಕೇಂದ್ರ ಹಿಡಿಯುವಾಗ ಆದ ತಪ್ಪು. ವರ್ಕ್ ಆಫ್‌ಸೆಟ್ ಅನ್ನು ಎಕ್ಸ್‌ನಲ್ಲಿ 0.075, ವೈಯಲ್ಲಿ 0.085 ಹಿಂದಕ್ಕೆ ತಂದರೆ ಪ್ರತಿ ತೂತಿಗೂ ಉಳಿಯುವುದು ಎರಡೂ ಕಡೆ 0.005. ಪೊಸಿಷನ್ 0.014ಕ್ಕೆ ಇಳಿಯುತ್ತದೆ. ಪೀಸ್ ಪಾಸ್ ಆದರೂ ಈ ತಿದ್ದುಪಡಿ ಮಾಡಲೇಬೇಕು. 0.009 ಅಂಚಿನಲ್ಲಿ ಪ್ರೊಡಕ್ಷನ್ ಓಡಿಸಿದರೆ, ಹೊಸ ಡ್ರಿಲ್ ಹಾಕಿದ ದಿನ ತೂತು 6.62 ಬಂದು ಎಲ್ಲ ರಿಜೆಕ್ಟ್ ಆಗುತ್ತದೆ.

## ಶೀಟ್‌ನಲ್ಲಿ ಏನು ಬದಲಾಗಬೇಕು

ಇನ್‌ಸ್ಟ್ರುಮೆಂಟ್ ಕಾಲಂನಲ್ಲಿ "ಬೋರ್ ಗೇಜ್" ಅಂತ ಮಾತ್ರ ಇದ್ದರೆ ಸಾಲದು. ಅದರ ಐಡಿ ನಂಬರ್, ಕ್ಯಾಲಿಬ್ರೇಷನ್ ಯಾವಾಗ ಮುಗಿಯುತ್ತದೆ, ಯಾವ ರಿಂಗ್‌ನಲ್ಲಿ ಸೊನ್ನೆ ಮಾಡಿದ್ದು ಅನ್ನುವುದು ಬೇಕು. ರಿಂಗ್ ಮೇಲೆ ಕೆತ್ತಿದ ನಿಜ ಅಳತೆ 62.002 ಇದ್ದು ನೀವು 62.000 ಅಂತ ಸೊನ್ನೆ ಮಾಡಿದ್ದರೆ ಆ 2 ಮೈಕ್ರಾನ್ ಕೂಡ ಇಲ್ಲೇ ಸಿಗುತ್ತದೆ. ಟಾಲರೆನ್ಸ್ 50 ಮೈಕ್ರಾನ್‌ಗಿಂತ ಕಡಿಮೆ ಇರುವ ಸಾಲುಗಳಿಗೆ ಜಾಬ್‌ನ ಬಿಸಿ ಮತ್ತು ಮಾಸ್ಟರ್‌ನ ಬಿಸಿ ಬರೆಯಿರಿ. ಎಲ್ಲ ಸಾಲಿಗೂ ಬೇಡ, ಬರೆಯುವವರಿಗೆ ಬೇಸರ ಬಂದು ಸುಮ್ನೆ ಒಂದೇ ಅಂಕಿ ತುಂಬಿಸಿಬಿಡುತ್ತಾರೆ.

ಫಲಿತಾಂಶದಲ್ಲಿ ಒಂದೇ ಅಂಕಿಯ ಬದಲು ಕನಿಷ್ಠ ಮತ್ತು ಗರಿಷ್ಠ ಬರಲಿ. ಬೋರ್‌ಗೆ "62.013 / 62.015" ಅಂತ ನೋಡಿದರೆ ಅಳೆದಿದ್ದಾರೆ ಅನ್ನಬಹುದು. ಸಾಲು ಸಾಲಾಗಿ 22.00, 45.00, 12.50 ಅಂತ ಡ್ರಾಯಿಂಗ್‌ನ ಅಂಕಿಗಳೇ ಕಾಣಿಸಿದರೆ ಯಾರೋ ಟೇಬಲ್ ಮುಂದೆ ಕೂತು ತುಂಬಿದ್ದಾರೆ ಅಂತಲೇ ಅರ್ಥ. ಅಂಥ ಶೀಟ್ ಹಿಡಿದು ದೋಷ ಹುಡುಕಲು ಹೋಗಬೇಡಿ, ಪೀಸ್ ತೆಗೆದುಕೊಂಡು ಮೊದಲಿನಿಂದ ಅಳೆಯಿರಿ.

## ಮರಳಿ ಕಳಿಸುವಾಗ

ಮೊದಲ ಪೀಸ್ ಉಳಿಯುವುದಿಲ್ಲ. ಬೋರನ್ನು ಇನ್ನು ಸ್ವಲ್ಪ ದೊಡ್ಡದು ಮಾಡಬಹುದು, ಆದರೆ 22.05 ಆದ ಆಳವನ್ನು ತುಂಬುವುದು ಹೇಗೆ? ಮುಂಭಾಗವನ್ನು 0.05 ಫೇಸ್ ಮಾಡಿದರೆ ಆಳ ಸರಿಹೋಗುತ್ತದೆ, ಒಟ್ಟು ಉದ್ದ ಕಡಿಮೆಯಾಗುತ್ತದೆ. ಉದ್ದದ ಟಾಲರೆನ್ಸ್‌ನಲ್ಲಿ ಜಾಗ ಇದ್ದರೂ ಗ್ರಾಹಕರನ್ನು ಕೇಳದೆ ಫಸ್ಟ್ ಆರ್ಟಿಕಲ್ ಪೀಸನ್ನು ರೀವರ್ಕ್ ಮಾಡಬಾರದು. ಅದು ನಿಮ್ಮ ಪ್ರೊಸೆಸ್‌ನಿಂದ ನೇರವಾಗಿ ಬಂದ ಪೀಸ್ ಆಗಿರುವುದಿಲ್ಲ.

ಹೊಸ ಪೀಸ್ ಮಾಡಿ. ಬೋರ್ ಗುರಿ 28 ಡಿಗ್ರಿಯಲ್ಲಿ 62.021, ಆಳಕ್ಕೆ ಲೀವರ್ ಡಯಲ್, ಎರಡನೇ ಸೆಟಪ್‌ಗೆ ತಿದ್ದಿದ ಆಫ್‌ಸೆಟ್. ರಿಜೆಕ್ಟ್ ಆದ ಸಾಲುಗಳನ್ನು ಮಾತ್ರ ಮತ್ತೆ ಅಳೆದರೆ ಸಾಕಾ ಅಂತ ಕೇಳುತ್ತಾರೆ. ಸಾಲದು. ಬೋರ್‌ನ ಆಫ್‌ಸೆಟ್ ತಿದ್ದಿದಾಗ ಅದೇ ಟೂಲ್ ಮಾಡಿದ ಬೇರೆ ವ್ಯಾಸಗಳೂ ಬದಲಾಗಿರುತ್ತವೆ. ಎರಡನೇ ಸೆಟಪ್‌ನಲ್ಲಿ ಆದದ್ದೆಲ್ಲ ಸರಿದಿರುತ್ತದೆ. ಮೊದಲ ಸಲ ಬಿಸಿಯಲ್ಲೇ ಅಳೆದ ಎಲ್ಲ ಸಾಲುಗಳ ಅಂಕಿಯೂ ಅನುಮಾನದ್ದೇ. ಈ ಜಾಬ್‌ನಲ್ಲಿ ಅದನ್ನೆಲ್ಲ ಕೂಡಿದರೆ ಉಳಿಯುವುದು ಮೆಟೀರಿಯಲ್ ಸರ್ಟಿಫಿಕೇಟ್ ಮತ್ತು ನೋಟ್ಸ್‌ನ ಒಂದೆರಡು ಸಾಲು ಅಷ್ಟೇ. ಹಾಗಾಗಿ ಪೂರ್ತಿ ಅಳೆದು ಹೊಸ ಶೀಟ್ ಮಾಡುವುದೇ ಕಡಿಮೆ ಕೆಲಸ.

ಹಳೆಯ ಶೀಟನ್ನು ಹರಿದು ಹಾಕಬೇಡಿ, ಹೊಸದರ ಹಿಂದೆ ಲಗತ್ತಿಸಿ. 14ನೇ ಸಾಲಿನ ಬಗ್ಗೆ ಮಾತ್ರ ಬೇರೆ ಪತ್ರ ಬೇಕು. ನಿಮ್ಮ ಪ್ರೋಗ್ರಾಂನಲ್ಲಿ ಎಂ ಗುರುತು ಸೇರಿಸಿ ಅಂತ, ನಾಲ್ಕೂ ತೂತಿನ ವ್ಯಾಸ ಮತ್ತು ಲೆಕ್ಕದ ಜೊತೆ, ಪೀಸ್ ತಲುಪುವ ಮೊದಲೇ ಅವರ ಇನ್‌ಸ್ಪೆಕ್ಷನ್‌ಗೆ ಕಳಿಸಿ. ಇಲ್ಲದಿದ್ದರೆ ಮುಂದೊಂದು ದಿನ ತೂತು ತುಸು ಸರಿದಾಗ, ಸರಿಯಿರುವ ಪೀಸೇ ಅದೇ ಸಾಲಿನಲ್ಲಿ ಮತ್ತೆ ವಾಪಸ್ ಬರುತ್ತದೆ.